ದುಡಿದ ಗಂಟೆ, ಬಾರದ ಹಣ

ಐವತ್ತು ಜನರಿರುವ ಒಂದು ಸಲಹಾ ಸಂಸ್ಥೆಯನ್ನು ಊಹಿಸಿಕೊಳ್ಳಿ. ಅಲ್ಲಿರುವವರು ವಕೀಲರಾಗಿರಬಹುದು, ಲೆಕ್ಕಪರಿಶೋಧಕರಾಗಿರಬಹುದು, ಕಟ್ಟಡ ವಿನ್ಯಾಸ ಮಾಡುವವರಾಗಿರಬಹುದು. ಅವರ ಹತ್ತಿರ ಮಾರಲು ಸರಕಿಲ್ಲ. ಇರುವುದು ತಿಳಿವಳಿಕೆ ಮತ್ತು ಸಮಯ. ಈ ವರ್ಷ ಎಲ್ಲರೂ ಹೋದ ವರ್ಷಕ್ಕಿಂತ ಜಾಸ್ತಿ ದುಡಿದರು. ಖಾಲಿ ಕೂತವರು ಕಡಿಮೆ. ಆದರೂ ವರ್ಷದ ಕೊನೆಗೆ ಒಟ್ಟು ಆದಾಯವನ್ನು ತಲೆಗಳಿಂದ ಭಾಗಿಸಿ ನೋಡಿದರೆ, ತಲಾ ಆದಾಯ ಶೇ 2ರಷ್ಟು ಇಳಿದಿದೆ. ಹೀಗೇಕಾಯಿತು?

‘ತಲಾ ಆದಾಯ’ ಎಂಬ ಒಂದೇ ಅಂಕಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಅದನ್ನು ಬಿಡಿಸಬೇಕು. ಹೀಗೆ ಬಿಡಿಸಿ ಕೊಂಬೆ ಕೊಂಬೆಯಾಗಿ ಬರೆದ ಚಿತ್ರಕ್ಕೆ ಕೆಪಿಐ ಟ್ರೀ, ಅಂದರೆ ಮುಖ್ಯ ಸೂಚಕ ಅಂಕಿಗಳ ಮರ ಅನ್ನುತ್ತಾರೆ. ಉಪಾಯ ಹಳೆಯದು. 1910ರ ದಶಕದಲ್ಲೇ ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್, ಹೂಡಿದ ಹಣದ ಮೇಲಿನ ಲಾಭವನ್ನು ಹೀಗೆಯೇ ಗುಣಾಕಾರದ ತುಂಡುಗಳಾಗಿ ಒಡೆದು ತೋರಿಸಿದ್ದರು.

ನಮ್ಮ ಸಂಸ್ಥೆಯ ಮರದಲ್ಲಿ ಐದು ಕೊಂಬೆಗಳಿವೆ.

ತಲಾ ಆದಾಯ = ಬಿಲ್ ಮಾಡುವವರ ಪಾಲು × ಒಬ್ಬರಿಗೆ ಲಭ್ಯವಿರುವ ಗಂಟೆ × ಯುಟಿಲೈಸೇಶನ್ × ಗಂಟೆಯ ದರ × ರಿಯಲೈಸೇಶನ್

ಐವತ್ತರಲ್ಲಿ ನಲವತ್ತು ಜನ ಗ್ರಾಹಕರ ಕೆಲಸ ಮಾಡುತ್ತಾರೆ. ಉಳಿದ ಹತ್ತು ಜನ ಆಡಳಿತ, ಲೆಕ್ಕಪತ್ರ ಇತ್ಯಾದಿ ನೋಡಿಕೊಳ್ಳುತ್ತಾರೆ. ಹಾಗಾಗಿ ಮೊದಲ ಕೊಂಬೆ ಶೇ 80. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2,080 ಗಂಟೆ ಆಗುತ್ತದೆ. ರಜೆ, ಹಬ್ಬ, ತರಬೇತಿಗೆ 280 ಗಂಟೆ ಕಳೆದರೆ 1,800 ಉಳಿಯುತ್ತದೆ. ಅದರಲ್ಲಿ ಗ್ರಾಹಕರ ಕೆಲಸಕ್ಕೆ ಹೋದ ಭಾಗವೇ ಯುಟಿಲೈಸೇಶನ್. ದರವನ್ನು ಗಂಟೆಗೆ 100 ಎಂದು ಇಟ್ಟುಕೊಳ್ಳೋಣ, ಯಾವ ನಾಣ್ಯವಾದರೂ ಸರಿ. ಕೊನೆಯ ಕೊಂಬೆಯಾದ ರಿಯಲೈಸೇಶನ್ ಸ್ವಲ್ಪ ಸೂಕ್ಷ್ಮದ್ದು. ದುಡಿದ ಗಂಟೆಗಳಿಗೆ ಪೂರ್ತಿ ದರ ಹಾಕಿದರೆ ಬರಬೇಕಿದ್ದ ಹಣದಲ್ಲಿ ನಿಜವಾಗಿ ಬಿಲ್ ಆಗಿದ್ದು ಎಷ್ಟು ಪಾಲು ಅನ್ನುವುದನ್ನು ಅದು ಹೇಳುತ್ತದೆ. ರಿಯಾಯಿತಿ ಕೊಟ್ಟರೆ ಅದು ಇಳಿಯುತ್ತದೆ. ಒಪ್ಪಿದ ಮೊತ್ತಕ್ಕಿಂತ ಹೆಚ್ಚು ದುಡಿದರೂ ಇಳಿಯುತ್ತದೆ.

ಮೊದಲ ವರ್ಷ ಯುಟಿಲೈಸೇಶನ್ ಶೇ 70, ರಿಯಲೈಸೇಶನ್ ಶೇ 90 ಇತ್ತು. ಎಲ್ಲವನ್ನೂ ಗುಣಿಸಿದರೆ ತಲಾ ಆದಾಯ 90,720 ಬರುತ್ತದೆ. ಎರಡನೇ ವರ್ಷ ಯುಟಿಲೈಸೇಶನ್ ಶೇ 77ಕ್ಕೆ ಏರಿತು, ರಿಯಲೈಸೇಶನ್ ಶೇ 80ಕ್ಕೆ ಇಳಿಯಿತು. ಬೇರೇನೂ ಬದಲಾಗಲಿಲ್ಲ. ಈಗ ತಲಾ ಆದಾಯ 88,704. ನಲವತ್ತು ಜನ ಸೇರಿ 5,040 ಗಂಟೆ ಹೆಚ್ಚು ದುಡಿದರು, ಆದರೆ ಸಂಸ್ಥೆಯ ಒಟ್ಟು ಬಿಲ್ 45,36,000ದಿಂದ 44,35,200ಕ್ಕೆ ಇಳಿಯಿತು. ಮೇಲಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಒಂದು ಕೊಂಬೆ ಮೇಲೆ ಹೋಯಿತು, ಇನ್ನೊಂದು ಅದಕ್ಕಿಂತ ಹೆಚ್ಚು ಕೆಳಗೆ ಬಂತು.

ಉಳಿದರ್ಧವೇ ನನಗೆ ಮುಖ್ಯ ಅನ್ನಿಸುವುದು. ಈ ಎರಡು ಕೊಂಬೆಗಳು ಬೇರೆ ಬೇರೆ ಕಾರಣಕ್ಕೆ ಅಲುಗಾಡಲಿಲ್ಲ. ಒಂದೇ ಘಟನೆ ಎರಡನ್ನೂ ಅಲುಗಾಡಿಸಿತು.

ಒಂದು ಪ್ರಾಜೆಕ್ಟನ್ನೇ ನೋಡೋಣ. 500 ಗಂಟೆ ಸಾಕು ಎಂದು ಅಂದಾಜು ಮಾಡಿ, 50,000ಕ್ಕೆ ಫಿಕ್ಸೆಡ್ ಪ್ರೈಸ್ ಒಪ್ಪಿಕೊಂಡರು. ಕೆಲಸದ ನಡುವೆ ಗ್ರಾಹಕರು ‘ಇದೊಂದು ಸಣ್ಣದು ಸೇರಿಸಿಬಿಡಿ’ ಅಂದರು. ಕರಡು ಎರಡು ಸಲ ತಿದ್ದಬೇಕಾಯಿತು. ಮುಗಿಯುವಾಗ 700 ಗಂಟೆ ಆಗಿತ್ತು. ಬಿಲ್ ಮಾತ್ರ 50,000ವೇ. ಆ ಹೆಚ್ಚಿನ 200 ಗಂಟೆ ಟೈಮ್‌ಶೀಟಿನಲ್ಲಿ ಗ್ರಾಹಕರ ಕೆಲಸ ಎಂದೇ ದಾಖಲಾಗುತ್ತದೆ, ಅದು ಸರಿಯೂ ಹೌದು. ಆದ್ದರಿಂದ ಯುಟಿಲೈಸೇಶನ್ ಏರುತ್ತದೆ. ಅದೇ 200 ಗಂಟೆಯಿಂದ ರಿಯಲೈಸೇಶನ್ 70,000ಕ್ಕೆ 50,000, ಅಂದರೆ ಶೇ 71ಕ್ಕೆ ಬೀಳುತ್ತದೆ. ಇಂಥ ಹತ್ತಾರು ಪ್ರಾಜೆಕ್ಟುಗಳು ಒಟ್ಟಿಗೆ ಸೇರಿ, ಅವುಗಳಿಂದಾಗಿ ಬಿಲ್ ಆಗಬಹುದಾಗಿದ್ದ ಬೇರೆ ಕೆಲಸವೂ ಸ್ವಲ್ಪ ತಪ್ಪಿದರೆ ನಮ್ಮ ಎರಡನೇ ವರ್ಷದ ಚಿತ್ರ ಸಿದ್ಧವಾಗುತ್ತದೆ.

ಮೋಸ ಹೋಗುವುದು ಸಮಯದ ಅಂತರದಿಂದ. ಯುಟಿಲೈಸೇಶನ್ ಪ್ರತಿ ವಾರ ಟೈಮ್‌ಶೀಟಿನಿಂದ ಬರುತ್ತದೆ. ರಿಯಲೈಸೇಶನ್ ಗೊತ್ತಾಗುವುದು ಬಿಲ್ ಹೋದಾಗ, ಕೆಲವೊಮ್ಮೆ ತಿಂಗಳುಗಳ ನಂತರ. ಮೇಲ್ವಿಚಾರಕರು ವಾರದ ಹಾಳೆಯಲ್ಲಿ ಏರುವ ಅಂಕಿ ಕಂಡು ಖುಷಿಪಡುತ್ತಾರೆ. ಬರುವ ಹಣದಲ್ಲಿ ಆಗಲೇ ತೂತು ಬಿದ್ದಿರುತ್ತದೆ.

ಬಿಲ್ ಹೋಗುವವರೆಗೆ ಕಾಯದೆ ಇದನ್ನು ಹಿಡಿಯುವ ದಾರಿ ಇದೆ. ಪ್ರತಿ ಪ್ರಾಜೆಕ್ಟಿಗೂ ಅಂದಾಜು ಗಂಟೆ, ಖರ್ಚಾದ ಗಂಟೆ ಎರಡನ್ನೇ ಬರೆದರೆ ಸಾಲದು. ‘ಇನ್ನು ಎಷ್ಟು ಗಂಟೆ ಬೇಕು?’ ಎಂದು ಕೆಲಸ ಮಾಡುತ್ತಿರುವವರನ್ನೇ ವಾರ ವಾರವೂ ಹೊಸದಾಗಿ ಕೇಳಬೇಕು. ನಮ್ಮ ಪ್ರಾಜೆಕ್ಟಿನಲ್ಲಿ ಅರ್ಧ ಕೆಲಸ ಮುಗಿದಾಗ 350 ಗಂಟೆ ಹೋಗಿತ್ತು. 500ಕ್ಕೆ 350 ಅಂದರೆ ಇನ್ನೂ 150 ಇದೆಯಲ್ಲ ಅನ್ನಿಸುತ್ತದೆ. ಆದರೆ ಉಳಿದರ್ಧಕ್ಕೂ 350 ಬೇಕು ಅನ್ನುವ ಉತ್ತರ ಬಂದರೆ, 700ರ ಸತ್ಯ ಆ ವಾರವೇ ಕಣ್ಣಿಗೆ ಬೀಳುತ್ತದೆ. ಆಗ ಗ್ರಾಹಕರ ಜೊತೆ ಹೆಚ್ಚುವರಿ ಕೆಲಸದ ಬಗ್ಗೆ ಮಾತಾಡಲು ಇನ್ನೂ ಸಮಯವಿರುತ್ತದೆ.

ಆ 200 ಗಂಟೆ ನಿಜವಾಗಿಯೂ ನಷ್ಟವೇ? ಇದನ್ನು ಮರ ಹೇಳುವುದಿಲ್ಲ. ಆ ಜನ ಹೇಗೂ ಕೆಲಸವಿಲ್ಲದೆ ಖಾಲಿ ಕೂತಿರುತ್ತಿದ್ದರೆ, ಆದಾಯ ಅಷ್ಟೇ ಇರುತ್ತಿತ್ತು. ಅವರು ಬಿಡುವಿಲ್ಲದ್ದರಿಂದ ಇನ್ನೊಬ್ಬ ಗ್ರಾಹಕರಿಗೆ ಇಲ್ಲ ಅಂದಿದ್ದರೆ, 200 ಗಂಟೆಯ ಬಿಲ್ ಕೈತಪ್ಪಿದೆ. ಹಾಗಾಗಿ ಬಿಟ್ಟುಕೊಟ್ಟ ಕೆಲಸಗಳ ಪಟ್ಟಿಯೂ ಪಕ್ಕದಲ್ಲಿರಬೇಕು. ಅದಿಲ್ಲದೆ ಕಾರಣ ಹೇಳುವುದು ಬರೀ ಊಹೆ.

ಇನ್ನೊಂದು ಎಚ್ಚರ. ರಿಯಲೈಸೇಶನ್ ಬಿದ್ದಿದ್ದಕ್ಕೆ ತಂಡವನ್ನು ಗದರಿಸಿದರೆ, ಮುಂದಿನ ತಿಂಗಳೇ ಅಂಕಿ ಚೆನ್ನಾಗಿ ಕಾಣಬಹುದು. ಕೆಲಸ ಸುಧಾರಿಸಿದ್ದರಿಂದಲ್ಲ, ಜನ ಹೆಚ್ಚಿನ ಗಂಟೆಗಳನ್ನು ಬರೆಯುವುದನ್ನೇ ಬಿಟ್ಟಿದ್ದರಿಂದ. 700 ಗಂಟೆ ದುಡಿದು 520 ಎಂದು ಬರೆಯುತ್ತಾರೆ. ಆಗ ಮುಂದಿನ ಅಂಥದೇ ಪ್ರಾಜೆಕ್ಟಿಗೆ ಮತ್ತೆ 500ರ ಅಂದಾಜೇ ಹೋಗುತ್ತದೆ, ಮತ್ತೆ ಅದೇ ಜನ ರಾತ್ರಿ ಕೂರುತ್ತಾರೆ. ಇದು ನನಗೆ ತುಂಬಾ ಬೇಸರ ತರುವ ಸಂಗತಿ. ದಾಖಲಾಗದ ಗಂಟೆಗೆ ಯಾವ ಕೊಂಬೆಯಲ್ಲೂ ಜಾಗವಿಲ್ಲ. ಯುಟಿಲೈಸೇಶನ್ ಇಳಿದು, ರಿಯಲೈಸೇಶನ್ ಏರಿ, ಆದಾಯ ಮಾತ್ರ ಇದ್ದಲ್ಲೇ ಇದ್ದರೆ ಇದೇ ನಡೆಯುತ್ತಿರಬಹುದು ಎಂದು ಸಂಶಯಪಡಬೇಕು.

ಎರಡು ಕೊಂಬೆಗಳು ಒಟ್ಟಿಗೆ ಬದಲಾದಾಗ ಯಾವುದರ ಪಾಲು ಎಷ್ಟು ಅನ್ನುವ ಲೆಕ್ಕದಲ್ಲೂ ಒಂದು ತೊಡಕಿದೆ. ಮೊದಲು ಯುಟಿಲೈಸೇಶನ್ ಬದಲಿಸಿ ನೋಡಿದರೆ ಅದರಿಂದ 9,072 ಲಾಭ, ಆಮೇಲೆ ರಿಯಲೈಸೇಶನ್‌ನಿಂದ 11,088 ನಷ್ಟ. ಕ್ರಮ ತಿರುಗಿಸಿದರೆ ಲಾಭ 8,064, ನಷ್ಟ 10,080. ಎರಡರಲ್ಲೂ ಒಟ್ಟು ಇಳಿಕೆ 2,016ವೇ. ಗುಣಾಕಾರದಲ್ಲಿ ಒಂದರ ಪರಿಣಾಮ ಇನ್ನೊಂದರ ಮಟ್ಟದ ಮೇಲೆ ನಿಂತಿರುವುದರಿಂದ ಹೀಗಾಗುತ್ತದೆ. ಯಾವ ಕ್ರಮವೂ ತಪ್ಪಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಕ್ರಮ ಬದಲಿಸಬಾರದು. ಬದಲಿಸಿದರೆ ಹೋಲಿಕೆ ಕೆಡುತ್ತದೆ.

ಭಾಗಿಸುವ ಅಂಕಿಯನ್ನೂ ನೋಡಿಕೊಳ್ಳಿ. ಹೊರಗಿನಿಂದ ಕರೆಸಿದ ಗುತ್ತಿಗೆಯವರ ಬಿಲ್ ಆದಾಯಕ್ಕೆ ಸೇರುತ್ತದೆ, ಆದರೆ ಅವರು ಸಿಬ್ಬಂದಿಯ ಎಣಿಕೆಗೆ ಸೇರುವುದಿಲ್ಲ. ಆಗ ಒಳಗಿನವರು ಒಂದು ಗಂಟೆಯೂ ಹೆಚ್ಚು ದುಡಿಯದೆ ತಲಾ ಆದಾಯ ಏರಿಬಿಡುತ್ತದೆ. ಅವರ ಬಿಲ್ಲನ್ನು ಆದಾಯದಿಂದ ಕಳೆಯಬೇಕು, ಇಲ್ಲವೇ ಅವರ ತಲೆಗಳನ್ನೂ ಎಣಿಸಬೇಕು. ಯಾವುದನ್ನು ಆರಿಸಿಕೊಂಡರೂ ಎರಡೂ ವರ್ಷಕ್ಕೆ ಒಂದೇ ನಿಯಮ ಹಾಕಿದ ಮೇಲೆಯೇ ಕೊಂಬೆಗಳನ್ನು ಹೋಲಿಸಲು ಶುರುಮಾಡಿ.