ಠೇವಣಿ ತುಂಬಿದ್ದರೂ ಬ್ಯಾಂಕ್ ಸಾಲ ಕೊಡಲಾಗದೇಕೆ?

2018ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ದೇನಾ ಬ್ಯಾಂಕಿಗೆ ಹೊಸ ಸಾಲ ಕೊಡಬಾರದೆಂದು ನಿರ್ಬಂಧ ಹಾಕಿತು. ಠೇವಣಿ ತೆಗೆದುಕೊಳ್ಳಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಆ ಸುದ್ದಿ ಓದಿದ ನನ್ನ ಕಕ್ಷಿದಾರರೊಬ್ಬರು, ಅಕ್ಕಿ ಗಿರಣಿ ನಡೆಸುವವರು, "ಜನರ ದುಡ್ಡು ರಾಶಿ ಬಿದ್ದಿದೆಯಲ್ಲ ಸಾರ್, ಕೊಡೋಕೇನು ಕಷ್ಟ?" ಎಂದು ಕೇಳಿದ್ದರು. ಬ್ಯಾಂಕ್ ಶಾಖೆಗಳ ಲೆಕ್ಕಪರಿಶೋಧನೆ ಮಾಡುವ ನನಗೆ ಇದು ತೀರ ಪರಿಚಿತ ಪ್ರಶ್ನೆ. ದುಡ್ಡಿದ್ದರೆ ಸಾಲ ಕೊಡಬಹುದು ಎಂಬ ಊಹೆಯೇ ತಪ್ಪು. ಸಾಲಕ್ಕೆ ಮಿತಿ ಹಾಕುವುದು ಠೇವಣಿಗಿಂತ ಹೆಚ್ಚಾಗಿ ಬ್ಯಾಂಕಿನ ಸ್ವಂತ ಬಂಡವಾಳ.

ಒಂದು ಕಾಲ್ಪನಿಕ ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ನೋಡೋಣ. ಒಂದು ಕಡೆ ಜನರ ಠೇವಣಿ 925 ಕೋಟಿ, ಷೇರುದಾರರ ಬಂಡವಾಳ ಮತ್ತು ಮೀಸಲು ಸೇರಿ 75 ಕೋಟಿ. ಒಟ್ಟು 1,000 ಕೋಟಿ. ಇನ್ನೊಂದು ಕಡೆ ಆ ಹಣ ಎಲ್ಲಿದೆ ಎಂಬ ಲೆಕ್ಕ: ನಗದು ಮತ್ತು ರಿಸರ್ವ್ ಬ್ಯಾಂಕಿನಲ್ಲಿಟ್ಟದ್ದು 50 ಕೋಟಿ, ಕೇಂದ್ರ ಸರ್ಕಾರದ ಬಾಂಡು 250 ಕೋಟಿ, ಮನೆ ಸಾಲ 200 ಕೋಟಿ, ವ್ಯಾಪಾರ ಮತ್ತು ಉದ್ದಿಮೆ ಸಾಲ 500 ಕೋಟಿ.

ಈ ಆಸ್ತಿಗಳೆಲ್ಲ ಒಂದೇ ಮಟ್ಟದ ಅಪಾಯದವಲ್ಲ. ಹಾಗಾಗಿ ರಿಸರ್ವ್ ಬ್ಯಾಂಕ್ ಒಂದೊಂದಕ್ಕೂ ಒಂದು ತೂಕ ನಿಗದಿ ಮಾಡಿದೆ. ನಗದಿಗೂ ಕೇಂದ್ರದ ಬಾಂಡಿಗೂ ಸೊನ್ನೆ. ಮನೆ ಸಾಲಕ್ಕೆ ಸಾಲದ ಸ್ವರೂಪ ನೋಡಿ 35, 50 ಹೀಗೆ, ಇಲ್ಲಿ ಶೇ. 50 ಎಂದುಕೊಳ್ಳೋಣ. ಉದ್ದಿಮೆ ಸಾಲಕ್ಕೆ ಸಾಲಗಾರರ ರೇಟಿಂಗ್ ನೋಡಿ ತೂಕ ಬದಲಾಗುತ್ತದೆ, ಇಲ್ಲಿ ಶೇ. 100 ಎಂದುಕೊಳ್ಳೋಣ. ಅಂದರೆ ನಮ್ಮ ಬ್ಯಾಂಕಿನ 1,000 ಕೋಟಿ ಆಸ್ತಿ ಅಪಾಯದ ತೂಕದಲ್ಲಿ 600 ಕೋಟಿಗೆ ಇಳಿಯುತ್ತದೆ. 75 ಕೋಟಿಯನ್ನು 600ರಿಂದ ಭಾಗಿಸಿದರೆ ಬರುವ ಶೇ. 12.5ನ್ನೇ ಬಂಡವಾಳ ಪರ್ಯಾಪ್ತತೆ ಅನುಪಾತ ಅಥವಾ ಸಿಆರ್‌ಎಆರ್ ಎನ್ನುವುದು. ವಾಣಿಜ್ಯ ಬ್ಯಾಂಕುಗಳಿಗೆ ಇದು ಕನಿಷ್ಠ ಶೇ. 9 ಇರಬೇಕು, ಅದರ ಮೇಲೆ ಕಷ್ಟಕಾಲಕ್ಕೆಂದು ಶೇ. 2.5. ಒಟ್ಟು 11.5. ಈ ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಸಾಲ ನಿಲ್ಲುವುದಿಲ್ಲ, ಮೊದಲು ಡಿವಿಡೆಂಡ್ ಹಂಚಿಕೆಗೆ ಕಡಿವಾಣ ಬೀಳುತ್ತದೆ. ಆದರೆ ಯಾವ ಆಡಳಿತ ಮಂಡಳಿಯೂ ಆ ಗೆರೆಯ ಹತ್ತಿರ ನಿಂತು ಸಾಲ ಹಂಚಲು ಹೋಗುವುದಿಲ್ಲ.

600 ಕೋಟಿಗೆ ಶೇ. 11.5 ಎಂದರೆ 69 ಕೋಟಿ ಬೇಕು. ಇರುವುದು 75. ಉಳಿದ 6 ಕೋಟಿಯ ಬಲದ ಮೇಲೆ ಬ್ಯಾಂಕ್ ಇನ್ನೂ ಸುಮಾರು 52 ಕೋಟಿ ಉದ್ದಿಮೆ ಸಾಲ ಕೊಡಬಹುದು.

ಈಗ 20 ಕೋಟಿ ಸಾಲ ಪಡೆದ ಒಂದು ಕಾರ್ಖಾನೆ ಕಂತು ಕಟ್ಟುವುದನ್ನು ನಿಲ್ಲಿಸುತ್ತದೆ ಎನ್ನಿ. ಬಾಕಿ 90 ದಿನ ದಾಟಿದರೆ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅಡಮಾನ ಇರುವ ಸಾಲವಾದ್ದರಿಂದ ಮೊದಲ ವರ್ಷ ಶೇ. 15, ಅಂದರೆ 3 ಕೋಟಿಯನ್ನು ನಷ್ಟದ ಬಾಬ್ತು ಎತ್ತಿಡಬೇಕು. ಇದಕ್ಕೆ ಪ್ರಾವಿಷನ್ ಎನ್ನುತ್ತೇವೆ. ಇದು ಮೊದಲು ವರ್ಷದ ಲಾಭವನ್ನು ತಿನ್ನುತ್ತದೆ, ಅದು ಸಾಕಾಗದಿದ್ದರೆ ಬಂಡವಾಳವನ್ನು. ಲೆಕ್ಕ ಸುಲಭವಾಗಲೆಂದು ಲಾಭವನ್ನೂ ಕೆಟ್ಟ ಸಾಲದ ತೂಕದಲ್ಲಾಗುವ ಹೆಚ್ಚುಕಮ್ಮಿಯನ್ನೂ ಬಿಟ್ಟಿದ್ದೇನೆ. ಬಂಡವಾಳ 72ಕ್ಕೆ, ತೂಕದ ಆಸ್ತಿ 597ಕ್ಕೆ ಇಳಿಯಿತು. ಅನುಪಾತ ಶೇ. 12.06. ನೋಡಲು ಅಂಥ ವ್ಯತ್ಯಾಸವೇನಿಲ್ಲ. ಆದರೆ ಹೊಸ ಸಾಲಕ್ಕಿದ್ದ ಅವಕಾಶ 52 ಕೋಟಿಯಿಂದ 29 ಕೋಟಿಗೆ ಕುಸಿದಿದೆ. ಹೋದದ್ದು 3 ಕೋಟಿ, ಕೈತಪ್ಪಿದ ಸಾಲ 23 ಕೋಟಿ.

ಒಂದು ವರ್ಷ ಕಳೆಯುತ್ತದೆ. ಸಾಲ 'ಸಂಶಯಾಸ್ಪದ' ವರ್ಗಕ್ಕೆ ಹೋಗುತ್ತದೆ. ಅಡಮಾನದ ಜಾಗ ಮತ್ತು ಯಂತ್ರಗಳಿಗೆ ಈಗ ಮಾರಿದರೆ 8 ಕೋಟಿ ಮಾತ್ರ ಸಿಗುತ್ತದೆಂದು ಮೌಲ್ಯಮಾಪಕರು ಬರೆದುಕೊಡುತ್ತಾರೆ. ಆಗ ಅಡಮಾನ ಮುಟ್ಟದ 12 ಕೋಟಿಗೆ ಪೂರ್ತಿ ಪ್ರಾವಿಷನ್, ಉಳಿದ 8 ಕೋಟಿಗೆ ಕಾಲು ಭಾಗ. ಮೊದಲಿನ 3 ಕೋಟಿಯೂ ಸೇರಿ ಒಟ್ಟು 14 ಕೋಟಿ. ಬಂಡವಾಳ 61 ಕೋಟಿಗೆ, ತೂಕದ ಆಸ್ತಿ 586ಕ್ಕೆ, ಅನುಪಾತ ಶೇ. 10.4ಕ್ಕೆ ಬಂತು. ಹೊಸ ಬಂಡವಾಳ ತರದೆ ಮತ್ತೆ 11.5 ಮುಟ್ಟಬೇಕೆಂದರೆ ಇರುವ ಸಾಲದಲ್ಲೇ 56 ಕೋಟಿಯಷ್ಟು ಇಳಿಸಬೇಕು. ವಸೂಲಾದದ್ದನ್ನು ಮತ್ತೆ ಸಾಲ ಕೊಡದೆ ಬಾಂಡಿಗೆ ಹಾಕುವುದು, ನೆಟ್ಟಗಿರುವ ಗ್ರಾಹಕರ ಓವರ್‌ಡ್ರಾಫ್ಟ್ ಮಿತಿ ಏರಿಸದಿರುವುದು, ಇವೇ ದಾರಿಗಳು. ಎಲ್ಲೋ ಒಂದು ಕಾರ್ಖಾನೆ ಮುಳುಗಿದ್ದಕ್ಕೆ, ಕಂತು ತಪ್ಪಿಸದ ಗಿರಣಿಯವರಿಗೆ ಸಾಲ ಸಿಗುವುದಿಲ್ಲ. ಇಷ್ಟಾದರೂ ಠೇವಣಿಯ ಸಾಲಿನಲ್ಲಿ ಅದೇ 925 ಕೋಟಿ ಹಾಗೇ ಇದೆ. ಅದು ಜನರಿಗೆ ಕೊಡಬೇಕಾದ ಬಾಕಿ, ನಷ್ಟವನ್ನು ಅದರಿಂದ ಕಳೆಯುವಂತಿಲ್ಲ.

ಇಷ್ಟು ಬಿಗಿಯಾದ ಲೆಕ್ಕವಿರುವುದರಿಂದಲೇ ಪ್ರಾವಿಷನ್ ಮುಂದೂಡುವ ಚಪಲ ಹುಟ್ಟುವುದು. ಮಾರ್ಚ್ ಕೊನೆಯ ಶಾಖಾ ಆಡಿಟ್‌ನಲ್ಲಿ ನಾನು ಮೊದಲು ತೆರೆಯುವುದು ದೊಡ್ಡ ಸಾಲಗಾರರ ಖಾತೆಯ ಕೊನೆಯ ಹದಿನೈದು ದಿನ ಮತ್ತು ಏಪ್ರಿಲ್‌ನ ಮೊದಲ ವಾರ. ಮೂರು ತಿಂಗಳು ಒಣಗಿದ್ದ ಖಾತೆಗೆ ಮಾರ್ಚ್ 30ರಂದು ದಿಢೀರನೆ ಬಡ್ಡಿ ಜಮೆಯಾಗಿರುತ್ತದೆ. ಹಣ ಎಲ್ಲಿಂದ ಬಂತೆಂದು ಹಿಂದೆ ಹೋದರೆ, ಅದೇ ಮಾಲೀಕರ ಇನ್ನೊಂದು ಸಂಸ್ಥೆಗೆ ಅದೇ ಬ್ಯಾಂಕ್ ಎರಡು ದಿನ ಮೊದಲು ಕೊಟ್ಟ ಹೊಸ ಸಾಲ! ಕಾಗದದ ಮೇಲೆ ಖಾತೆ ಸರಿಯಿದೆ, ಪ್ರಾವಿಷನ್ ಬೇಕಿಲ್ಲ, ಅನುಪಾತ ಚೆನ್ನಾಗಿದೆ. ಅದಕ್ಕೇ ಅನುಪಾತವೊಂದನ್ನೇ ನೋಡಿ ಬ್ಯಾಂಕನ್ನು ನಂಬುವವರನ್ನು ಕಂಡರೆ ನನಗೆ ಕಸಿವಿಸಿ. ಮೇಲಿನ ಸಂಖ್ಯೆ ಎಷ್ಟು ನಿಜವೆಂಬುದು ಕೆಳಗಿನ ಸಾಲಗಳ ವರ್ಗೀಕರಣ ಎಷ್ಟು ನಿಜವೆಂಬುದರ ಮೇಲೆ ನಿಂತಿದೆ. 2015ರಲ್ಲಿ ರಿಸರ್ವ್ ಬ್ಯಾಂಕ್ ನಡೆಸಿದ ಆಸ್ತಿ ಗುಣಮಟ್ಟ ಪರಿಶೀಲನೆ ಹುಡುಕಿದ್ದು ಇಂಥ ಖಾತೆಗಳನ್ನೇ. ಅದರ ಬೆನ್ನಿಗೆ ಬ್ಯಾಂಕುಗಳ ಎನ್‌ಪಿಎ ಏರುತ್ತಲೇ ಹೋಯಿತು. ಸಾಲಗಳು ಆ ವರ್ಷ ಕೆಟ್ಟವೆಂದಲ್ಲ, ಕೆಟ್ಟಿದ್ದವು ಆ ವರ್ಷ ಲೆಕ್ಕಕ್ಕೆ ಬಂದವು.

ಹೊರಗಿನವರಿಗೂ ಸುಳಿವು ಸಿಗುತ್ತದೆ. ತ್ರೈಮಾಸಿಕ ಫಲಿತಾಂಶದಲ್ಲಿ ನಿವ್ವಳ ಎನ್‌ಪಿಎ ಎಷ್ಟು ಕೋಟಿ ಎಂದು ನೋಡಿ; ಪ್ರಾವಿಷನ್ ಕಳೆದ ಮೇಲೂ ಉಳಿದ ಕೆಟ್ಟ ಸಾಲ ಅದು. ಅದನ್ನು ಬ್ಯಾಂಕಿನ ಬಂಡವಾಳದ ಪಕ್ಕದಲ್ಲಿಟ್ಟರೆ, ಇನ್ನೆಷ್ಟು ನಷ್ಟ ಬಾಗಿಲಲ್ಲಿ ನಿಂತಿದೆ ಎಂಬುದು ಕಾಣುತ್ತದೆ. ಟಿವಿಯಲ್ಲಿ ಗದ್ದಲ ಎಬ್ಬಿಸುವ 'ರೈಟ್ ಆಫ್' ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಪೂರ್ತಿ ಪ್ರಾವಿಷನ್ ಆದ ಸಾಲವನ್ನು ಪುಸ್ತಕದಿಂದ ತೆಗೆದರೆ ಬಂಡವಾಳಕ್ಕೆ ಹೊಸ ಪೆಟ್ಟಿಲ್ಲ, ಸಾಲಗಾರನಿಗೆ ಮಾಫಿಯೂ ಇಲ್ಲ. ಮುಂದೆ ವಸೂಲಾದದ್ದು ಲಾಭಕ್ಕೇ ಸೇರುತ್ತದೆ.

ಬಂಡವಾಳ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ಉದಾಹರಣೆಯೇ ಇದೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಎನ್‌ಪಿಎ ಭಾರದಿಂದ 2017ರ ಕೊನೆಗೆ ರಿಸರ್ವ್ ಬ್ಯಾಂಕಿನ ತ್ವರಿತ ಸರಿಪಡಿಕೆ ಕ್ರಮದ, ಅಂದರೆ ಪಿಸಿಎ ಪಟ್ಟಿ ಸೇರಿತ್ತು. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸುಮಾರು 9,000 ಕೋಟಿ ಬಂಡವಾಳ ಪ್ರಕಟಿಸಿತು, ಅದೇ ತಿಂಗಳು ಬ್ಯಾಂಕ್ ಪಟ್ಟಿಯಿಂದ ಹೊರಬಂತು. ಮರುವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದದ್ದು ಬೇರೆ ಕಥೆ.

ಆ ಕಾಲದಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಹಣ ತುಂಬಿದ ವಿಧಾನ ಜಾಣತನದ್ದು. ಸರ್ಕಾರ ಬ್ಯಾಂಕಿಗೇ ಮರುಬಂಡವಾಳ ಬಾಂಡು ಕೊಟ್ಟಿತು. ಬ್ಯಾಂಕ್ ಅದನ್ನು ತನ್ನಲ್ಲಿದ್ದ ಠೇವಣಿ ಹಣದಿಂದ ಕೊಂಡಿತು. ಸರ್ಕಾರ ಅದೇ ಹಣವನ್ನು ಷೇರು ಬಂಡವಾಳವಾಗಿ ಹಿಂದಕ್ಕೆ ಹಾಕಿತು. ಬ್ಯಾಂಕಿನ ಬಂಡವಾಳ ಏರಿತು. ಆಸ್ತಿ ಕಡೆ ಸೇರಿದ್ದು ಕೇಂದ್ರದ ಬಾಂಡು, ಅದರ ತೂಕ ಸೊನ್ನೆ. ಭಾಗಿಸುವ ಸಂಖ್ಯೆ ಕದಲಲಿಲ್ಲ, ಅನುಪಾತ ಮೇಲೇರಿತು. ಆ ಬಾಂಡುಗಳ ಬಡ್ಡಿ ಮಾತ್ರ ವರ್ಷ ವರ್ಷ ಕೇಂದ್ರದ ಬಜೆಟ್ಟಿನಿಂದ, ಅಂದರೆ ತೆರಿಗೆ ಹಣದಿಂದ ಹೋಗುತ್ತದೆ.