ಸ್ಕ್ರ್ಯಾಪ್ ಚಾರ್ಟ್‌ನಲ್ಲಿ ಅಲಾರಂ ಗೆರೆ ಎಲ್ಲಿ ಎಳೆಯಬೇಕು?

ಪ್ರಶ್ನೆ: ನಮ್ಮ ಲೈನಿಗೆ ಸ್ಕ್ರ್ಯಾಪ್ ಟಾರ್ಗೆಟ್ ಶೇ. 3. ಚಾರ್ಟ್‌ನಲ್ಲಿ ಅಲ್ಲೇ ಕೆಂಪು ಗೆರೆ ಎಳೆದು, ಅದು ದಾಟಿದ ದಿನ ಅಲಾರಂ ಎತ್ತಿದರೆ ಸಾಕಲ್ವಾ?

ಸಾಕಾಗಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಪೂರ್ತಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಮಗೆ ಸ್ಕ್ರ್ಯಾಪ್ ಎಷ್ಟರೊಳಗೆ ಇರಬೇಕು ಅನ್ನುವುದು ಟಾರ್ಗೆಟ್. ಏನೂ ಕೆಡದೆ ಇದ್ದಾಗಲೂ ಅದು ಎಷ್ಟರ ಮಧ್ಯೆ ಏರಿಳಿಯುತ್ತದೆ ಅನ್ನುವುದು ಕಂಟ್ರೋಲ್ ಲಿಮಿಟ್. ಮೊದಲನೆಯದು ಮೀಟಿಂಗಿನಲ್ಲಿ ತೀರ್ಮಾನವಾಗುತ್ತದೆ. ಎರಡನೆಯದು ಲೈನಿನ ಹಳೆಯ ಅಂಕಿಗಳಿಂದಲೇ ಬರಬೇಕು. ವಾಲ್ಟರ್ ಶೂಹಾರ್ಟ್ 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದಾಗಿನಿಂದ ಇದು ಹೀಗೇ ಇದೆ.

ದಿನಕ್ಕೆ 800 ಪೀಸ್ ಮಾಡುವ ಒಂದು ಲೈನ್ ತಗೊಳ್ಳಿ. ದೊಡ್ಡ ತೊಂದರೆ ಇಲ್ಲದ ಸುಮಾರು 25 ದಿನಗಳ ಸರಾಸರಿ ಸ್ಕ್ರ್ಯಾಪ್ ಶೇ. 2.5, ಅಂದರೆ ದಿನಕ್ಕೆ 20 ಪೀಸ್. ಲಿಮಿಟ್ ಲೆಕ್ಕ ಹೀಗೆ:

```
p ± 3 × √( p(1−p) / n )
0.025 ± 3 × √( 0.025 × 0.975 / 800 )
```

ಮೇಲಿನ ಲಿಮಿಟ್ ಸುಮಾರು ಶೇ. 4.2, ಕೆಳಗಿನದು ಸುಮಾರು ಶೇ. 0.8. ಪೀಸ್ ಲೆಕ್ಕದಲ್ಲಿ 7ರಿಂದ 33.

ಈಗ ಶೇ. 3ರ ಗೆರೆ ನೋಡಿ. ಅದು 24 ಪೀಸ್. ಲೈನಿನಲ್ಲಿ ಏನೂ ಬದಲಾಗದಿದ್ದರೂ, ಸುಮ್ನೆ ಏರಿಳಿತದಿಂದಲೇ, ಆರೇಳು ದಿನಕ್ಕೊಮ್ಮೆ ಈ ಗೆರೆ ದಾಟುತ್ತದೆ. ದಾಟಿದಾಗಲೆಲ್ಲ ಸೂಪರ್‌ವೈಸರ್ ಆಪರೇಟರನ್ನು ಕರೆದು ಕಾರಣ ಕೇಳುತ್ತಾರೆ. ಕಾರಣವೇ ಇಲ್ಲದ ಕಡೆ ಏನಾದರೂ ಒಂದು ಕಾರಣ ಬರೆಯಲೇಬೇಕು. ಆಪರೇಟರ್ ಮಷೀನ್ ಸೆಟ್ಟಿಂಗ್ ಮುಟ್ಟುತ್ತಾರೆ. ಸರಿಯಾಗಿದ್ದ ಸೆಟ್ಟಿಂಗ್ ಜಾಗ ಬಿಟ್ಟು ಹೋಗುತ್ತದೆ, ಆಮೇಲೆ ಏರಿಳಿತ ನಿಜವಾಗಿಯೂ ಜಾಸ್ತಿ ಆಗುತ್ತದೆ.

"ಸುಳ್ಳು ಅಲಾರಂ ನಾಲ್ಕು ಬಂದರೂ ಪರವಾಗಿಲ್ಲ, ನಿಜವಾದದ್ದು ತಪ್ಪಬಾರದು" ಅನ್ನುವವರಿದ್ದಾರೆ. ಆದರೆ ಟಾರ್ಗೆಟ್ ಗೆರೆ ನಿಜವಾದದ್ದನ್ನೂ ಸರಿಯಾಗಿ ತೋರಿಸುವುದಿಲ್ಲ. ಎಂಟು ದಿನಗಳ ಸ್ಕ್ರ್ಯಾಪ್ ಹೀಗಿದೆ ಅಂದುಕೊಳ್ಳಿ: 23, 25, 22, 26, 21, 24, 23, 25. ಟಾರ್ಗೆಟ್ ಗೆರೆ ಇಟ್ಟುಕೊಂಡವರಿಗೆ ಇಲ್ಲಿ ಮೂರು ಕೆಟ್ಟ ದಿನ, ಐದು ಒಳ್ಳೆಯ ದಿನ ಕಾಣುತ್ತವೆ. ಎರಡನೆಯ, ನಾಲ್ಕನೆಯ, ಎಂಟನೆಯ ದಿನಗಳಿಗೆ ಬೇರೆ ಬೇರೆ ಕಾರಣ ಹುಡುಕುತ್ತಾರೆ. ಕಂಟ್ರೋಲ್ ಚಾರ್ಟ್ ಓದಲು ಬರುವವರಿಗೆ ಕಾಣುವುದು ಒಂದೇ ಸಂಗತಿ: ಒಂದು ದಿನವೂ 33 ದಾಟಿಲ್ಲ, ಆದರೆ ಎಂಟಕ್ಕೆ ಎಂಟೂ ಸರಾಸರಿ 20ರ ಮೇಲೆಯೇ ಇವೆ. ಏನೂ ಬದಲಾಗದೆ ಹೀಗಾಗುವ ಸಾಧ್ಯತೆ ಸುಮಾರು 256ರಲ್ಲಿ ಒಂದು. ಅಂದರೆ ಸರಾಸರಿಯೇ ಮೇಲಕ್ಕೆ ಸರಿದಿದೆ. ಹುಡುಕಬೇಕಾದ್ದು ಎಂಟನೆಯ ದಿನ ಏನಾಯಿತು ಅಂತ ಅಲ್ಲ, ಮೊದಲನೆಯ ದಿನದ ಆಸುಪಾಸಿನಲ್ಲಿ ಏನು ಬದಲಾಯಿತು ಅಂತ. ಹೊಸ ಮೆಟೀರಿಯಲ್ ಲಾಟ್, ಬದಲಾಯಿಸಿದ ಟೂಲ್, ರಿಪೇರಿಗೆ ಹೋಗಿ ಬಂದ ಡೈ, ಇಂಥವು.

ಹಾಗಾಗಿ ದಿನದ ಚಾರ್ಟ್‌ಗೆ ಎರಡು ನಿಯಮ ಇಟ್ಟುಕೊಳ್ಳಿ. ಒಂದು ಪಾಯಿಂಟ್ ಲಿಮಿಟ್‌ನ ಹೊರಗೆ ಹೋದರೆ ಅಲಾರಂ. ಸತತ ಎಂಟು ಪಾಯಿಂಟ್ ಸರಾಸರಿಯ ಒಂದೇ ಬದಿಗೆ ಬಿದ್ದರೆ ಅಲಾರಂ. ವೆಸ್ಟರ್ನ್ ಎಲೆಕ್ಟ್ರಿಕ್ ನಿಯಮಗಳಲ್ಲಿ ಇನ್ನೂ ಎರಡಿವೆ. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಸರಾಸರಿ 92 ಪಾಯಿಂಟ್‌ಗೆ ಒಂದು ಸುಳ್ಳು ಅಲಾರಂ ಬರುತ್ತದೆ. ಮೊದಲನೆಯದೊಂದೇ ಆದರೆ ಸುಮಾರು 370ಕ್ಕೆ ಒಂದು. ಶುರುವಿಗೆ ನಾನು ಹೇಳಿದ ಎರಡೇ ಸಾಕು.

ಒಂದು ಎಚ್ಚರಿಕೆ. ಮುಕ್ಕಾಲು ದಿನ ಲೈನ್ ನಿಂತು 200 ಪೀಸ್ ಮಾತ್ರ ಬಂದರೆ ಆ ದಿನದ ಮೇಲಿನ ಲಿಮಿಟ್ ಶೇ. 5.8ಕ್ಕೆ ಏರುತ್ತದೆ. ಆ ದಿನವನ್ನು 800ರ ಲಿಮಿಟ್‌ನಿಂದ ಅಳೆಯಬೇಡಿ. ಅದೇ ರೀತಿ ದಿನಕ್ಕೆ ಹತ್ತಾರು ಸಾವಿರ ಪೀಸ್ ಮಾಡುವ ಲೈನಿಗೆ ಈ ಸೂತ್ರದ ಲಿಮಿಟ್ ತುಂಬಾ ಬಿಗಿಯಾಗಿ, ಅರ್ಧಕ್ಕರ್ಧ ಪಾಯಿಂಟ್ ಹೊರಗೆ ಬೀಳಬಹುದು. ಆಗ ಶೇಕಡಾ ಅಂಕಿಗಳನ್ನೇ ತೆಗೆದುಕೊಂಡು, ದಿನದಿಂದ ದಿನಕ್ಕೆ ಬರುವ ವ್ಯತ್ಯಾಸದಿಂದ ಲಿಮಿಟ್ ಹಾಕುವ ಇಂಡಿವಿಜುವಲ್ಸ್ ಚಾರ್ಟ್ ಬಳಸಿ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಿಬಿಡುತ್ತೇನೆ. ಸ್ಕ್ರ್ಯಾಪ್ 7ಕ್ಕಿಂತ ಕೆಳಗೆ ಇಳಿದರೂ ಅಲಾರಂ ಎತ್ತಬೇಕು. ಒಂದು ದಿನ 4 ಪೀಸ್ ಅಂತ ಬಂದರೆ ಖುಷಿಪಡುವ ಮೊದಲು ಎಣಿಕೆ ನೋಡಿ. ಒಂದು ಶಿಫ್ಟಿನ ಸ್ಕ್ರ್ಯಾಪ್ ಬಿನ್ ಲೆಕ್ಕಕ್ಕೆ ಬಂದಿಲ್ಲವೇ? ರಿಜೆಕ್ಟ್ ಪೀಸ್‌ಗಳು ರಿವರ್ಕ್ ಕಡೆಗೆ ಹೋಗಿವೆಯೇ? ಗೇಜ್ ಸವೆದು ಕೆಟ್ಟ ಪೀಸನ್ನೂ ಪಾಸ್ ಮಾಡುತ್ತಿದೆಯೇ? ಇವೆಲ್ಲ ಸರಿಯಿದ್ದರೆ ಆ ದಿನ ಯಾವ ಲಾಟ್ ಓಡಿತು, ಯಾರು ಸೆಟ್ ಮಾಡಿದರು, ಯಾವ ಸೆಟ್ಟಿಂಗ್ ಇತ್ತು ಅನ್ನುವುದನ್ನು ಅವತ್ತೇ ಚಾರ್ಟ್ ಮೇಲೆ ಬರೆದಿಡಿ.