ಮಹಿಳಾ ದಿನದ ಆಫರ್ ಮೆಸೇಜ್ ಬರೆಯುವುದು: ಒಂದು ಎಸ್‌ಎಂಎಸ್ ಬಿಡಿಸಿ ನೋಡೋಣ

ಜಾಹೀರಾತು ಬರವಣಿಗೆ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಮಾರ್ಚ್ 8ರ ಆಫರ್ ಓದಿದವರಿಗೆ ಮುಜುಗರ ಆಗದಂತೆ ಬರೆಯೋದು ಹೇಗೆ ಅನ್ನೋದಷ್ಟೇ ವಿಷಯ.

ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ. 2022ರ ಮಹಿಳಾ ದಿನದಂದು ಫ್ಲಿಪ್‌ಕಾರ್ಟ್ ತನ್ನ ಗ್ರಾಹಕರಿಗೆ ಒಂದು ಮೆಸೇಜ್ ಕಳಿಸಿತು. ಈ ಮಹಿಳಾ ದಿನ ನಿಮ್ಮನ್ನು ಸಂಭ್ರಮಿಸೋಣ, ಅಡುಗೆಮನೆ ಉಪಕರಣಗಳು 299 ರೂಪಾಯಿಯಿಂದ ಶುರು ಅನ್ನೋದು ಅದರ ಸಾರ. ಜನ ಸಿಟ್ಟಾದರು. ಕಂಪನಿ ತಪ್ಪಾಯಿತೆಂದು ಟ್ವಿಟರ್‌ನಲ್ಲಿ ಕ್ಷಮೆ ಕೇಳಿತು.

ಆ ಮೆಸೇಜನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಅದರಲ್ಲಿ ಕೆಟ್ಟ ಪದ ಒಂದೂ ಇಲ್ಲ. ಮಿಕ್ಸಿಗೆ ರಿಯಾಯಿತಿ ಕೊಡೋದೂ ತಪ್ಪಲ್ಲ. ಅದೇ ಮಿಕ್ಸಿ ಯುಗಾದಿ ಆಫರ್‌ನಲ್ಲಿ ಬಂದಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಎಡವಟ್ಟಾದದ್ದು ಎರಡು ವಾಕ್ಯಗಳ ಜೋಡಣೆಯಲ್ಲಿ. ‘ನಿಮ್ಮನ್ನು ಸಂಭ್ರಮಿಸೋಣ’ ಅಂದ ತಕ್ಷಣ ಅಡುಗೆಮನೆ ಬಂದರೆ, ಹೆಣ್ಣು ಅಂದ್ರೆ ಅಡುಗೆಮನೆ ಅಂತ ಓದುವವರೇ ಸೇರಿಸಿಕೊಳ್ಳುತ್ತಾರೆ. ಆದ್ದರಿಂದ ಪದಗಳನ್ನು ಎಷ್ಟು ಮೃದು ಮಾಡಿದರೂ ಆ ಮೆಸೇಜ್ ಸರಿಹೋಗುತ್ತಿರಲಿಲ್ಲ. ಬದಲಾಯಿಸಬೇಕಾಗಿದ್ದದ್ದು ಸಾಮಾನನ್ನು, ಇಲ್ಲವೇ ಸಂದರ್ಭವನ್ನು.

ನಾನು ಬರೆಯಲು ಕೂತಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇಲ್ಲಿಂದಲೇ ಹುಟ್ಟಿದ್ದು. ಈ ಆಫರ್ ಹೆಣ್ಣುಮಕ್ಕಳಿಗೆ ಯಾಕೆ ಅಂತ ಮೆಸೇಜ್ ಯಾವ ಕಾರಣ ಕೊಡುತ್ತಿದೆ? ಸಣ್ಣವರಂತೆ ನೋಡುವ ಧಾಟಿ ಹೆಚ್ಚಾಗಿ ಆ ಕಾರಣದಲ್ಲೇ ಅಡಗಿರುತ್ತದೆ.

ಈಗ ಒಂದು ಕೆಲಸ ಪೂರ್ತಿ ಮಾಡಿ ನೋಡೋಣ. ಒಂದು ಸ್ಕೂಟರ್ ಸರ್ವಿಸ್ ಸೆಂಟರ್ ಇದೆ ಅಂದುಕೊಳ್ಳಿ. ಅವರು ತಾವೇ ಬರೆದು ತಂದ ಮೆಸೇಜ್ ಇದು:

“ಪ್ರೀತಿಯ ಮಹಿಳಾಮಣಿಗಳೇ, ತ್ಯಾಗಮಯಿ ತಾಯಂದಿರೇ, ನಿಮಗೊಂದು ಪುಟ್ಟ ಕಾಣಿಕೆ! ರಿಪೇರಿಯ ಚಿಂತೆ ಬಿಡಿ, ನಾವಿದ್ದೇವೆ. ಸರ್ವಿಸ್ ಮೇಲೆ 20% ವರೆಗೆ ರಿಯಾಯಿತಿ. ಇನ್ನು ನೀವೂ ಧೈರ್ಯವಾಗಿ ಗಾಡಿ ಓಡಿಸಿ!”

ಕೊನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲೇ ದೊಡ್ಡ ತಪ್ಪಿದೆ. ‘ನೀವೂ’. ಆ ಒಂದು ದೀರ್ಘ ‘ಊ’ ನೋಡಿ. ‘ನೀವು ಓಡಿಸಿ’ ಅಂದರೆ ಬರೀ ಮಾತು. ‘ನೀವೂ ಓಡಿಸಿ’ ಅಂದರೆ ಇಷ್ಟು ದಿನ ಬೇರೆ ಯಾರೋ ಓಡಿಸುತ್ತಿದ್ದರು, ಈಗ ನಿಮ್ಮನ್ನೂ ಸೇರಿಸಿಕೊಂಡಿದ್ದೇವೆ ಎಂದರ್ಥ. ಮೆಸೇಜ್ ಹೋಗುತ್ತಿರುವುದು ವರ್ಷಗಳಿಂದ ದಿನಾ ಗಾಡಿ ಓಡಿಸುವವರಿಗೆ. ‘ಮಹಿಳೆಯರೂ ಹೂಡಿಕೆ ಮಾಡಬಹುದು’, ‘ಹೆಣ್ಣುಮಕ್ಕಳಿಗೂ ಅರ್ಥವಾಗುವ ಇನ್ಶೂರೆನ್ಸ್’, ಎಲ್ಲದರಲ್ಲೂ ಇದೇ ‘ಊ’. ಬರೆದಾದ ಮೇಲೆ ಬರೀ ಇದೊಂದನ್ನು ಹುಡುಕಲು ಇನ್ನೊಂದು ಸಲ ಓದಿ. ನಾನು ಈಗಲೂ ಹಾಗೇ ಓದ್ತೀನಿ.

ಇದರ ಜೊತೆಗಾರ ‘ಇಸು’ ಪ್ರತ್ಯಯ. ‘ಹೆಂಡತಿಗೆ ಸ್ಕೂಟರ್ ಕೊಡಿಸಿ’, ‘ಅಮ್ಮನಿಗೆ ಹೆಲ್ತ್ ಚೆಕಪ್ ಮಾಡಿಸಿ’. ಗಂಡನಿಗೋ ಮಗನಿಗೋ ಬರೆದ ಉಡುಗೊರೆ ಜಾಹೀರಾತಾದರೆ ಇದು ಸರಿ. ಆದರೆ ಅದೇ ಮೆಸೇಜ್ ಹೆಣ್ಣುಮಕ್ಕಳ ಫೋನಿಗೆ ಬಂದರೆ, ಎದುರಿಗೆ ನಿಂತವಳನ್ನು ಬಿಟ್ಟು ಪಕ್ಕದವನ ಜೊತೆ ಮಾತಾಡಿದ ಹಾಗಾಗುತ್ತದೆ. ಯಾರ ಫೋನಿಗೆ ಹೋಗುತ್ತದೋ ಅವರ ಜೊತೆಗೇ ಮಾತಾಡಬೇಕು: ಕೊಳ್ಳಿ, ಮಾಡಿಸಿಕೊಳ್ಳಿ.

‘ತ್ಯಾಗಮಯಿ ತಾಯಂದಿರೇ’ ಅನ್ನೋದು ದಿನವನ್ನೇ ತಪ್ಪು ತಿಳಿದಿದೆ. ಇದು ಅಮ್ಮಂದಿರ ದಿನವಲ್ಲ. 1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಮಾಜವಾದಿ ಮಹಿಳೆಯರ ಸಮ್ಮೇಳನ ನಡೆಯಿತು. ಇಂಥ ಒಂದು ದಿನ ಬೇಕು ಎಂದು ಕ್ಲಾರಾ ಝೆಟ್ಕಿನ್ ಮತ್ತು ಜೊತೆಯವರು ಅಲ್ಲಿ ಸೂಚಿಸಿದರು. ಅವರ ಮುಖ್ಯ ಬೇಡಿಕೆ ಮತದಾನದ ಹಕ್ಕು. ಮಾರ್ಚ್ 8 ಗಟ್ಟಿಯಾಗಿ ನಿಂತದ್ದು 1917ರಲ್ಲಿ ರಷ್ಯಾದ ಪೆಟ್ರೋಗ್ರಾಡ್‌ನ ಬಟ್ಟೆ ಗಿರಣಿಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಬೀದಿಗಿಳಿದ ಮೇಲೆ. ಹಕ್ಕು ಕೇಳಿದವರ ದಿನದಲ್ಲಿ ತ್ಯಾಗವನ್ನು ಹೊಗಳಿದರೆ ಮಾತು ತಿರುಗುಮುರುಗಾಗುತ್ತದೆ. ಅದೂ ಅಲ್ಲದೆ, ಓದುವವರೆಲ್ಲ ತಾಯಂದಿರಲ್ಲ. ‘ಗೃಹಲಕ್ಷ್ಮಿ’ ಅನ್ನೋ ಪದವನ್ನೂ ಬಿಡಿ. ಕರ್ನಾಟಕದಲ್ಲಿ ಈಗ ಅದನ್ನು ಓದಿದವರಿಗೆ ತಿಂಗಳ 2,000 ರೂಪಾಯಿ ನೆನಪಾಗುತ್ತದೆ, ನಿಮ್ಮ ಅಂಗಡಿ ಅಲ್ಲ.

ಇನ್ನು ‘ಪುಟ್ಟ ಕಾಣಿಕೆ’. ರಿಯಾಯಿತಿ ಕಾಣಿಕೆಯಲ್ಲ, ಗ್ರಾಹಕಿ ದುಡ್ಡು ಕೊಟ್ಟೇ ಹೋಗುತ್ತಾಳೆ. ಅದು ಎಷ್ಟು ಅಂತ ಲೆಕ್ಕ ಹಾಕೋಣ. ಬಿಲ್ 1,400 ರೂಪಾಯಿ ಇರಲಿ. ಅದರಲ್ಲಿ ಲೇಬರ್ ಚಾರ್ಜ್ 500, ಆಯಿಲ್ ಮತ್ತು ಪಾರ್ಟ್ಸ್ 900. 20% ಸಿಗೋದು ಲೇಬರ್ ಮೇಲೆ ಮಾತ್ರ, ಅಂದರೆ 100 ರೂಪಾಯಿ. ಇಡೀ ಬಿಲ್‌ನಲ್ಲಿ ಅದು ಸುಮಾರು 7%. ‘ಸರ್ವಿಸ್ ಮೇಲೆ 20% ವರೆಗೆ’ ಅಂತ ಬರೆದು ಕೌಂಟರ್‌ನಲ್ಲಿ ನೂರು ರೂಪಾಯಿ ಬಿಟ್ಟರೆ, ಇವರಿಗೆ ಲೆಕ್ಕ ಬರಲ್ಲ ಅಂದುಕೊಂಡ ಹಾಗಾಯ್ತು ಅಲ್ವಾ? ಎಷ್ಟು ಹೊಗಳಿದರೂ ಅದು ಮರೆಯಾಗಲ್ಲ. ಲೇಬರ್ ಚಾರ್ಜ್ ಅಂತಲೇ ಬರೆಯಿರಿ.

ಮುಂದಿನ ಪ್ರಶ್ನೆ ಕೇಳದೆ ಬರೆಯಲು ಕೂರಬೇಡಿ. ಆಫರ್ ಯಾರಿಗೆ? ‘ಮಹಿಳೆಯರ ಹೆಸರಿನಲ್ಲಿರುವ ಗಾಡಿಗೆ’ ಅಂದರೆ ಅರ್ಧ ಜನ ಹೊರಗುಳಿಯಬಹುದು. ಎಷ್ಟೋ ಮನೆಗಳಲ್ಲಿ ಓಡಿಸುವವಳು ಅವಳು, ಆರ್‌ಸಿ ಅಪ್ಪನದೋ ಗಂಡನದೋ. ಕೌಂಟರ್‌ನಲ್ಲಿ ಆರ್‌ಸಿ ನೋಡಿ ‘ನಿಮಗೆ ಬರಲ್ಲ ಮೇಡಂ’ ಅಂದರೆ ಶುಭಾಶಯವೆಲ್ಲ ಅಲ್ಲೇ ಮುಗಿಯಿತು. ‘ಗಾಡಿ ತರುವ’ ಅನ್ನೋ ಎರಡು ಪದ ಇದನ್ನು ಸರಿಮಾಡುತ್ತದೆ.

ಇಷ್ಟನ್ನೂ ಸೇರಿಸಿ ಮತ್ತೆ ಬರೆದಾಗ:

“ಮಹಿಳಾ ದಿನ, ಮಾರ್ಚ್ 3-8: ಸ್ಕೂಟರ್ ಸರ್ವಿಸ್ ಲೇಬರ್ ಚಾರ್ಜಿನಲ್ಲಿ 20% ಕಡಿತ. ಗಾಡಿ ತರುವ ಎಲ್ಲ ಮಹಿಳೆಯರಿಗೆ. ಆರ್‌ಸಿ ಯಾರ ಹೆಸರಲ್ಲಿದ್ದರೂ ಸರಿ.”

ಇದು ಒಣಗಿದೆ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ‘ಯಾರ ಹೆಸರಲ್ಲಿದ್ದರೂ ಸರಿ’ ಅನ್ನೋ ಮಾತಿನಲ್ಲಿ ಅವಳ ಪರಿಸ್ಥಿತಿ ಗೊತ್ತಿದೆ ಅನ್ನೋದು ಇದೆ. ಹತ್ತು ವಿಶೇಷಣಗಳಿಗಿಂತ ಅದು ಬೆಚ್ಚಗಿದೆ.

ಕನ್ನಡದಲ್ಲಿ ಬರೆಯುವವರಿಗೆ ಹೊಗಳಿಕೆ ಬಿಡಲು ಇನ್ನೊಂದು ಕಾರಣವೂ ಇದೆ, ಅದು ಜಾಗ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಯೂನಿಕೋಡ್‌ನಲ್ಲಿ ಹೋಗುವುದರಿಂದ 70 ಮಾತ್ರ. ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗುತ್ತವೆ, ಪ್ರತಿ ತುಂಡಿಗೂ ದುಡ್ಡು. ಗುಣಿತ, ಒತ್ತು ಎಲ್ಲವೂ ಬೇರೆಬೇರೆ ಲೆಕ್ಕ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಎಣಿಕೆಯಲ್ಲಿ ಆರು. ನಮ್ಮ ಹೊಸ ಮೆಸೇಜ್ 123 ಆಗುತ್ತದೆ. ಎರಡು ತುಂಡಿಗೆ 134 ಇದೆ. ಉಳಿದ 11ರಲ್ಲಿ ಅಂಗಡಿಯ ಚಿಕ್ಕ ಹೆಸರು ಹಾಕಬಹುದು.

ಸಮಯದ ವಿಷಯ ಕೂಡ ನೆನಪಿಡಿ. ನಮ್ಮ ದೇಶದಲ್ಲಿ ಜಾಹೀರಾತು ಎಸ್‌ಎಂಎಸ್‌ನ ಟೆಂಪ್ಲೇಟ್ ಮೊದಲೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಪಡೆದ ಮಾತು ಬೇರೆ, ಕಳಿಸುವ ಮಾತು ಬೇರೆ ಆದರೆ ಮೆಸೇಜ್ ತಡೆಯಲ್ಪಡುತ್ತದೆ. ಹಾಗಾಗಿ ಮಾರ್ಚ್ 7ರ ಸಂಜೆ ‘ನೀವೂ’ ಕಣ್ಣಿಗೆ ಬಿದ್ದರೂ ಸುಮ್ನೆ ತಿದ್ದಿ ಕಳಿಸೋಕೆ ಆಗಲ್ಲ. ಫೆಬ್ರವರಿ ಮೂರನೇ ವಾರದಲ್ಲೇ ಕರಡನ್ನು ಇಬ್ಬರು ಮೂವರು ಗಾಡಿ ಓಡಿಸುವ ಹೆಣ್ಣುಮಕ್ಕಳ ಕೈಲಿ ಓದಿಸಿ. ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ‘ಇದು ಬಂದರೆ ಕೌಂಟರ್‌ನಲ್ಲಿ ಏನು ಕೇಳ್ತೀರಿ’ ಅಂತ ಕೇಳಿ. ಆರ್‌ಸಿ ತರಹದ ಪ್ರಶ್ನೆಗಳು ಹೊರಬರೋದು ಆಗಲೇ.

ಮೆಸೇಜ್ ಬರೆದುಕೊಟ್ಟ ಮೇಲೆ ಸರ್ವಿಸ್ ಅಡ್ವೈಸರ್ ಜೊತೆಗೂ ಹತ್ತು ನಿಮಿಷ ಕೂರಿ. ಒಮ್ಮೆ ನನ್ನದೇ ಗಾಡಿ ಬಿಡಲು ಹೋಗಿದ್ದೆ. ಗೋಡೆ ಮೇಲೆ ಮಹಿಳಾ ದಿನದ ಬ್ಯಾನರ್ ಇತ್ತು. ಬ್ರೇಕ್ ಶೂ ಸವೆದಿದೆ ಅಂತ ಹೇಳಿದವರು, ಬದಲಾಯಿಸಲಾ ಅಂತ ನನ್ನನ್ನು ಕೇಳಲಿಲ್ಲ. “ಮನೆಯವರ ನಂಬರ್ ಕೊಡಿ ಮೇಡಂ, ಅವರ ಹತ್ರ ಮಾತಾಡ್ತೀನಿ” ಅಂದರು. ಅಂದಿನಿಂದ ನಾನು ಕೊಡುವ ಕರಡಿನ ಕೆಳಗೆ ಕೌಂಟರ್‌ಗೆ ಒಂದು ಸಾಲು ಬರೆದಿಡುತ್ತೇನೆ: ಗಾಡಿ ತಂದವರನ್ನೇ ಕೇಳಿ, ಸವೆದ ಪಾರ್ಟ್ ತೋರಿಸಿ, ಬೆಲೆ ಹೇಳಿ.